ತೊಳೆಯದ ಟಾವೆಲ್

ನಮ್ಮ ಮನೆಯಲ್ಲಿ ಅಡುಗೆ ಹೆಂಡತಿಯದು, ದೇವರು ಅವ್ವನದು, ಚಿಂತೆ ನನ್ನದು. ಸೊಲ್ಲಾಪುರದ ಪೇಟೆಯಲ್ಲಿ ಚಾದರ, ಟಾವೆಲುಗಳ ಅಂಗಡಿ ಇಟ್ಟುಕೊಂಡವನು ನಾನು. ಸಂಜೆ ಅಂಗಡಿಗೆ ಕೀಲಿ ಹಾಕಿ ಓಣಿಯ ತಿರುವಿನವರೆಗೆ ಬಂದು, ಮತ್ತೆ ಹಿಂದೆ ಹೋಗಿ ಆ ಕೀಲಿಯನ್ನು ಜಗ್ಗಿ ನೋಡದೆ ಮನೆಗೆ ಹೋದ ದಿನವೇ ಇಲ್ಲ. ಪಕ್ಕದ ಅಂಗಡಿಯವರು ನಗುತ್ತಾರೆ. ನಗಲಿ, ಅವರ ಕೀಲಿ ಅವರಿಗೆ. ಇಂಥವನ ಮನೆಗೆ ಎರಡನೆಯ ಬೆಕ್ಕು ಬಂದರೆ ಏನಾಗಬೇಕೋ ಅದೇ ಆಯಿತು.

ಮೊದಲನೆಯದು ಅವ್ವನ ಬೆಕ್ಕು. ಬೂದು ಬಣ್ಣದ ಹೆಣ್ಣು, ಮೈಮೇಲೆ ಕಪ್ಪು ಪಟ್ಟೆ, ಮುಖದ ಮೇಲೆ ಸದಾ ಯಾರೋ ಸಾಲ ಕೇಳಲು ಬಂದಿದ್ದಾರೆ ಎನ್ನುವಂಥ ಬಿಗುವು. ಅವ್ವ ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಪರೇಷನ್ ಆಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ ಈ ಬೆಕ್ಕು ಅವಳ ನೋವಿನ ಕಾಲಿಗೆ ಬೆನ್ನು ಹಚ್ಚಿ ಮಲಗುತ್ತಿತ್ತು. ಈಗ ಅವ್ವ ವಾಕರ್ ಹಿಡಿದು ಬಾಗಿಲವರೆಗೆ ನಡೆಯುತ್ತಾಳೆ, ಆದರೂ ಬೆಕ್ಕು ತನ್ನ ಡ್ಯೂಟಿ ಬಿಟ್ಟಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದು ಅವ್ವನ ಅಂಗೈ ಮೂಸಿ, ಎರಡು ಸಲ ನೆಕ್ಕಿ, ಮಗ್ಗುಲಲ್ಲಿ ಬೀಳುತ್ತದೆ. ನಾವೆಲ್ಲ ಅದನ್ನು ‘ದೊಡ್ಡಾಕಿ’ ಎನ್ನುವುದು ಎರಡನೆಯದು ಬಂದ ಮೇಲೆ ರೂಢಿಯಾದದ್ದು. ಅವ್ವ ಮಾತ್ರ ಮೊದಲಿನಿಂದಲೂ ಅದನ್ನು ‘ನಮ್ಮಾಕಿ’ ಎನ್ನುತ್ತಾಳೆ.

ಅಕ್ಕಲಕೋಟ ನನ್ನ ಹೆಂಡತಿಯ ತವರು. ಒಂದು ರವಿವಾರ ಅಲ್ಲಿಗೆ ಹೋದವಳು ಮಧ್ಯಾಹ್ನವೇ ಫೋನ್ ಮಾಡಿದಳು. ಹಿಂದೆ ಅವರಮ್ಮ ಅಳುವುದು ಕೇಳಿಸುತ್ತಿತ್ತು.

“ರೀ, ಗಂಡು ಬೆಕ್ಕೊಂದು ಬಂದು ನಮ್ಮವ್ವನ ಬೆಕ್ಕಿನ ಎರಡು ಮರಿ ಕೊಂದು ಹಾಕೇದ್ರಿ. ಒಂದೇ ಉಳದದ. ನಾ ಬಿಟ್ಟು ಬಂದ್ರ ನಾಳಿಗಿ ಇದೂ ಇರೂದಿಲ್ಲ.”

ನಾನು ಫೋನನ್ನು ಅವ್ವನ ಕೈಗೆ ಕೊಟ್ಟೆ.

“ಕೇಳೂದೇನದ ಅದ್ರಾಗ? ಜೀವ ಅಂದ ಮ್ಯಾಲ ಬಿಟ್ಟು ಬರ್ತಾರೇನು? ತಗೊಂಡ ಬಾರವ್ವಾ” ಎಂದಳು ಅವ್ವ. ಫೋನ್ ಇಟ್ಟ ಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದಳು. “ಖರೆ, ನಮ್ಮಾಕಿ ಮನಸ್ಸಿಗಿ ನೋವಾಗಬಾರ್ದು ನೋಡಪಾ. ಆಕಿ ಒಮ್ಮಿ ಮನಿ ಬಿಟ್ಟು ಹೋದಾಕಿ ಅದಾಳ.”

ಅದು ನಿಜ. ಎರಡು ವರ್ಷದ ಹಿಂದೆ ಮನೆಗೆ ಬಣ್ಣ ಹೊಡೆಸಿದಾಗ ಬಣ್ಣದ ವಾಸನೆಗೆ ಸಿಟ್ಟಾಗಿ ಈ ಬೆಕ್ಕು ಮಾಳಿಗೆ ಹಾರಿ ಹೋದದ್ದು, ವಾರದ ಮೇಲೆ ಸೊರಗಿ ಕಡ್ಡಿಯಾಗಿ ತಿರುಗಿ ಬಂದಿತ್ತು. ಆಗ ಅವ್ವನ ಕಾಲು ಗಟ್ಟಿ ಇದ್ದವು, ಓಣಿ ಓಣಿ ತಿರುಗಿದ್ದಳು. ಈಗ ಹಾಗಲ್ಲ.

ಹೆಂಡತಿ ಸಂಜೆಯ ಎಸ್.ಟಿ. ಬಸ್ಸಿನಲ್ಲಿ ಬಂದಳು. ತರಕಾರಿ ಬುಟ್ಟಿಯ ಮೇಲೆ ಇನ್ನೊಂದು ಬುಟ್ಟಿ ಕವುಚಿ ದಾರದಿಂದ ಕಟ್ಟಿತ್ತು. ವಾಗದರಿ ಕಡೆಯಿಂದ ಬಂದ ಆ ಬಸ್ಸು ತುಂಬಿ ತುಳುಕುತ್ತಿತ್ತಂತೆ, ದಾರಿಯುದ್ದಕ್ಕೂ ಜನ ‘ಬುಟ್ಟ್ಯಾಗ ಏನದ ಬಾಯಾರ?’ ಎಂದು ಕೇಳಿದ್ದೇ ಕೇಳಿದ್ದು. ಮನೆಗೆ ತರದೆ ನೇರವಾಗಿ ಪ್ರಾಣಿಗಳ ದವಾಖಾನೆಗೆ ಒಯ್ದೆವು. ದೊಡ್ಡಾಕಿಗೆ ಮರಿ ಆಗದಂತೆ ಆಪರೇಷನ್ ಮಾಡಿದ್ದೂ, ಲಸಿಕೆ ಹಾಕುವುದೂ ಅದೇ ಡಾಕ್ಟರ್. ಸೊಲ್ಲಾಪುರದವರೇ, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿಗೆ ಆಡುವ ಹೆಣ್ಣುಮಗಳು. ಮರಿಯ ಕಿವಿ, ಹೊಟ್ಟೆ, ಬಾಯಿ ನೋಡಿದರು. ಗಂಡು ಮರಿ, ಹತ್ತಿರ ಹತ್ತಿರ ಎರಡು ತಿಂಗಳದ್ದು. ಹುಳಕ್ಕೆ ಔಷಧಿ ಹಾಕಿದರು, ಚಿಗಟಕ್ಕೆ ಬೇರೆ ಕೊಟ್ಟರು. ಆಮೇಲೆ ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು.

“ಇಬ್ಬರ್ನೂ ಒಮ್ಮಿಗೇ ಎದುರಾ ಎದುರ ಬಿಡಬ್ಯಾಡ್ರಿ ಹಾಂ. ಅವಸರ ಮಾಡೂದೇ ಇಲ್ಲ. ಮರೀಗಿ ಬ್ಯಾರೆ ಖೋಲಿ, ಬ್ಯಾರೆ ತಾಟು, ಬ್ಯಾರೆ ಮರಳಿನ ಟ್ರೇ. ಮೊದಲ ವಾಸನಿ, ಆಮ್ಯಾಲ ಮಾರಿ, ಕಟ್ಟಕಡೀಕ ಮೈ. ಎರಡು ವಾರ ಅಂತ ಹಿಡೀರಿ, ಹೆಚ್ಚೂ ಆಗಬಹುದು.”

“ವಾಸನಿ ಅಂದ್ರ ಹೆಂಗ್ರಿ?” ಎಂದು ಕೇಳಿದೆ.

“ಮರಿ ಮಲಗಿದ ಅರಬಿ ತಂದು ದೊಡ್ಡ ಬೆಕ್ಕಿನ ತಾಟಿನ ಹಂತ್ಯಾಕ ಹಾಕ್ರಿ. ಆಕಿ ಅರಬಿ ಮರಿ ಖೋಲ್ಯಾಗ. ಅದರ ಬಾಜೂಕ ಆಕಿ ನಿವಾಂತ ಉಂಡ್ಳಂದ್ರ ಒಂದು ಮೆಟ್ಟಲ ದಾಟಿದಂಗ. ಆಮ್ಯಾಲ ಬಾಗಲಾ ಸ್ವಲ್ಪ ತಗದು ನೋಡ್ರಿ.”

ಅರಿವೆಯ ಮಾತು ಬಂದದ್ದೇ ನನಗೆ ಸಮಾಧಾನವಾಯಿತು. ಅರಿವೆ ನನ್ನ ಧಂದೆ. ಅಂಗಡಿಯಿಂದ ಒಂದೇ ನಮೂನೆಯ ಟಾವೆಲುಗಳನ್ನು ತಂದೆ, ಬಿಳಿಯವು ದೊಡ್ಡಾಕಿಗೆ, ಕೇಸರಿ ಅಂಚಿನವು ಮರಿಗೆ. ಗಲಿಬಿಲಿ ಆಗಬಾರದಲ್ಲ.

ಮನೆಯ ಹಿಂಭಾಗದಲ್ಲಿ ಅಂಗಡಿಯ ಹೆಚ್ಚಿನ ಮಾಲು ಇಡುವ ಒಂದು ಖೋಲಿಯಿದೆ. ಚಾದರದ ಗಂಟುಗಳನ್ನು ಒಂದು ಬದಿಗೆ ಒತ್ತರಿಸಿ ಮರಿಯನ್ನು ಅಲ್ಲಿ ಬಿಟ್ಟೆವು. ಬಾಗಿಲ ಕೆಳಗಿನ ಸಂದಿಗೆ ಹಳೆಯ ಚಾದರ ಸುತ್ತಿ ತುರುಕಿದೆವು. ಹೆಂಡತಿ ಸಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ತಾಸುಗಟ್ಟಲೆ ಅದರೊಡನೆ ಕೂಡುತ್ತಿದ್ದಳು. ಅವಳು ಮಕ್ಕಳಿಗೆ ಗಣಿತ ಕಲಿಸುವವಳು, ಯಾವುದನ್ನೂ ಅರ್ಧಕ್ಕೆ ಬಿಡುವ ಪೈಕಿ ಅಲ್ಲ.

ದೊಡ್ಡಾಕಿಗೆ ಮೊದಲ ದಿನವೇ ಗೊತ್ತಾಗಿಬಿಟ್ಟಿತು. ಆ ಬಾಗಿಲಿಂದ ಮಾರು ದೂರ ನಿಂತು ಕಿವಿ ಹಿಂದಕ್ಕೆ ಮಾಡಿ, ಗಂಟಲಲ್ಲಿ ಗುರ್ರ್ ಎಂದು ತಿರುಗಿ ಹೋಯಿತು. ನನಗೆ ಊಟ ಸೇರಲಿಲ್ಲ. ಹೆಂಡತಿ, “ಇದು ಆಗೂದೇ ಅದರಿ, ನೀವು ಯಾಕ ಬಾಗಲಾ ಕಾಯಾಕತ್ತೀರಿ?” ಎಂದು ಬೈದಳು.

ಮರುದಿನ ಸಂಜೆ ಅವ್ವನಿಗೆ ಮರಿಯನ್ನು ನೋಡುವ ಆಸೆಯಾಯಿತು. ದೊಡ್ಡಾಕಿ ಮಾಳಿಗೆಯ ಮೇಲಿತ್ತು. ಹೆಂಡತಿ ಮರಿಯನ್ನು ಎತ್ತಿಕೊಂಡು ಬಂದು ಅವ್ವನ ಮಡಿಲಲ್ಲಿಟ್ಟಳು. ಹಿಡಿಯಷ್ಟೂ ಇಲ್ಲದ ಕೆಂಪು ಬಣ್ಣದ ಮರಿ, ಅವ್ವನ ಸೆರಗಿನ ಜರಿಯೊಡನೆ ಕುಸ್ತಿಗೆ ಬಿತ್ತು. “ಅಯ್ಯ ನನ್ನ ಪಿಲ್ಲೂ, ಹುಲಿ ಅದಿ ನೀ” ಎಂದು ಅವ್ವ ಅದರ ಗದ್ದ ಕೆರೆದಳು. ನಮ್ಮ ಕಡೆ ಮರಿಗೆ ಮರಾಠಿಯಲ್ಲಿ ಪಿಲ್ಲು ಎನ್ನುವುದು ರೂಢಿ, ಅಂದಿನಿಂದ ಅದು ಪಿಲ್ಲುವೇ ಆಯಿತು. ಸ್ವಲ್ಪ ಹೊತ್ತಿಗೆ ಒಳಗೆ ಒಯ್ದು ಬಾಗಿಲು ಹಾಕಿದೆವು.

ದೀಪ ಹಚ್ಚುವ ಹೊತ್ತಿಗೆ ದೊಡ್ಡಾಕಿ ಇಳಿದು ಬಂತು. ಮಂಚಕ್ಕೆ ಹಾರಿತು. ಅವ್ವ ಎಂದಿನಂತೆ ಅಂಗೈ ಚಾಚಿದಳು. ಅದು ಮೂಸಿತು, ಮತ್ತೊಮ್ಮೆ ಮೂಸಿತು, ಹಲ್ಲು ತೋರಿಸಿ ‘ಫುಸ್’ ಎಂದು ಹಿಂದೆ ಸರಿದು ಮಂಚದ ಕೆಳಗೆ ಹೋಗಿ ಕೂತಿತು.

ಅವ್ವನ ಕೈ ಹಾಗೇ ಗಾಳಿಯಲ್ಲಿ ಉಳಿಯಿತು.

“ನನ್ನ ಮ್ಯಾಲ ಫುಸ್ ಅಂದ್ಳಲ್ಲೋ ಇಕಿ” ಎಂದಳು. “ನನ್ನ ಮ್ಯಾಲ.” ಅವಳ ಕಣ್ಣು ತುಂಬಿಬಂತು. ಸೊಂಟ ಮುರಿದಾಗ ಕೂಡ ಅತ್ತವಳಲ್ಲ. ತಕ್ಷಣ ತಂಬಿಗೆಯಲ್ಲಿ ನೀರು, ಬೋಗುಣಿ ತರಿಸಿಕೊಂಡು ಸಾಬೂನು ಹಚ್ಚಿ ಮೊಳಕೈವರೆಗೆ ತಿಕ್ಕಿ ತಿಕ್ಕಿ ಕೈ ತೊಳೆದಳು. ಬೆಕ್ಕು ಅಂದು ಅವಳ ಮಗ್ಗುಲಿಗೆ ಬರಲಿಲ್ಲ.

ಅವತ್ತೇ ಅವ್ವ ಒಂದು ಕರಾರು ಹಾಕಿದಳು. “ಡಾಕ್ಟರ್ ಹೇಳಿದಂಗ ಎರಡು ವಾರ ನೋಡೂಣು. ನಮ್ಮಾಕಿ ಮತ್ತ ನನ್ನ ಮಗ್ಗಲಕ ಬರಲಿಲ್ಲಂದ್ರ ಪಿಲ್ಲೂನ್ನ ಎಲ್ಲಿಗಾರ ಕಳಸು. ನನಗೂ ಕರಳು ಚುರ್ ಅಂತದ, ಖರೆ ಏನ್ ಮಾಡ್ಲಿ? ಆಕಿ ಮೊದಲಿನಾಕಿ.”

ಎಲ್ಲಿಗೆ ಕಳಿಸುವುದು? ಅಕ್ಕಲಕೋಟದಲ್ಲಿ ಆ ಗಂಡು ಬೆಕ್ಕು ಕಾದು ಕೂತಿದೆ. ನನ್ನ ಪರಿಚಯದ ಜೋಳದ ವ್ಯಾಪಾರಿಯೊಬ್ಬರು ಮಂಗಳವೇಢೆಯ ಮಾರ್ಕೆಟ್ ಯಾರ್ಡಿನಲ್ಲಿದ್ದಾರೆ. ಕೇಳಿ ಇಟ್ಟಿರೋಣ ಎಂದು ಫೋನ್ ಮಾಡಿದೆ. “ಕಳಸ್ರಲ್ಲ ಶೇಟ, ಗೋದಾಮಿನ್ಯಾಗ ಇಲಿ ಅಂದ್ರ ನನ್ನ ಮೊಳಕಾಲತನಕಾ ಅದಾವ” ಎಂದು ನಕ್ಕರು. ಹೆಗ್ಗಣಗಳ ಗೋದಾಮು, ಲಾರಿಗಳ ಓಡಾಟ, ಅದರ ನಡುವೆ ಹಿಡಿಯಷ್ಟಿಲ್ಲದ ಇದು. ಫೋನ್ ಇಟ್ಟ ಮೇಲೆ ಯಾಕಾದರೂ ಮಾಡಿದೆನೋ ಅನ್ನಿಸಿತು.

ಇನ್ನು ಟಾವೆಲಿನ ವಿಷಯ. ಮೂರೂ ಜನ ಕೆಲಸ ಹಂಚಿಕೊಂಡೆವು. ಬೆಳಿಗ್ಗೆ ಹೆಂಡತಿ ಮರಿಯ ಕೆಳಗೆ ಟಾವೆಲ್ ಹಾಸಿ ಸಾಲೆಗೆ ಹೋಗುವುದು. ಮಧ್ಯಾಹ್ನ ಊಟಕ್ಕೆ ಬಂದಾಗ ನಾನು ಅದನ್ನು ತೆಗೆದು ತಂದು ಅವ್ವನ ಕೋಣೆಯಲ್ಲಿ ದೊಡ್ಡಾಕಿಯ ತಾಟಿನ ಹತ್ತಿರ ಹಾಕುವುದು. ಸಂಜೆ ದೊಡ್ಡಾಕಿ ಉಣ್ಣುವಾಗ ಹೇಗಿರುತ್ತದೆಂದು ಅವ್ವ ನೋಡುವುದು. ಅವ್ವನ ಕೋಣೆಗೆ ಹೋಗುವುದು ದೇವರ ಜಗಲಿಯ ಮುಂದಿನಿಂದಲೇ. ನಮ್ಮಲ್ಲಿ ದೇವರ ಮುಂದಿನಿಂದ ತೊಳೆಯದ ಅರಿವೆ ದಾಟಿಸುವುದಿಲ್ಲ. ಹಾಸಿಗೆ ಬಟ್ಟೆಯನ್ನು ಅಗಸರಿಗೆ ಕೊಡುವಾಗಲೂ ಹಿಂಬಾಗಿಲಿನಿಂದಲೇ ಕೊಡುತ್ತೇವೆ. ಇದು ಯಾರೂ ಹೇಳಿ ಕಲಿಸಿದ್ದಲ್ಲ, ಚಪ್ಪಲಿ ಹೊರಗೆ ಬಿಟ್ಟಂತೆ ಕೈಯೇ ಮಾಡುತ್ತದೆ. ಮೇಲಾಗಿ ಫುಸ್ ಎಂದ ದಿನದಿಂದ ಅವ್ವ, “ಆ ಖೋಲಿದು ಏನ್ ಬಂದ್ರೂ ಹಿಂಡಿ ತಗೊಂಡು ಬಾ” ಎಂದು ಬಾಯಿಬಿಟ್ಟೇ ಹೇಳಿದ್ದಳು. ಹಾಗಾಗಿ ನಾನು ಟಾವೆಲನ್ನು ಬಚ್ಚಲಲ್ಲಿ ಸಾಬೂನು ಹಾಕಿ ಹಿಂಡಿ, ಮಾಳಿಗೆಯ ಬಿಸಿಲಲ್ಲಿ ಒಣಗಿಸಿ, ನಾಲ್ಕು ಮಡಿಕೆ ಮಾಡಿ ತಾಟಿನ ಬದಿಗೆ ಇಡುತ್ತಿದ್ದೆ. ಸೊಲ್ಲಾಪುರದ ಬಿಸಿಲಿಗೆ ಟಾವೆಲ್ ಒಣಗಲು ಎಷ್ಟು ಹೊತ್ತು ಬೇಕು?

ದೊಡ್ಡಾಕಿ ಅದರತ್ತ ತಿರುಗಿಯೂ ನೋಡಲಿಲ್ಲ. ಆರಾಮಾಗಿ ಉಂಡಿತು. ಟಾವೆಲಿನ ಮೇಲೆ ಕಾಲಿಟ್ಟು ನೀರು ಕುಡಿಯಿತು. ಅವ್ವ ನನ್ನ ಹೆಂಡತಿಗೆ, “ಇಷ್ಟೂ ಫುಸ್ ಅನ್ನಲಿಲ್ಲವಾ, ಮುತ್ತಿನಂಥಾಕಿ” ಎಂದು ವರದಿ ಒಪ್ಪಿಸುತ್ತಿದ್ದಳು. ವಾರ ಮುಗಿಯುತ್ತ ಬಂದಾಗ ಹೆಂಡತಿ ಸಮಾಧಾನದಿಂದ ತಲೆಯಾಡಿಸಿದಳು. “ಭಾಳ ಚಲೋ ಆತು. ರವಿವಾರ ನನಗ ಸುಟ್ಟಿ ಅದ, ಬಾಗಲಾ ಸ್ವಲ್ಪ ತಗದು ನೋಡೂಣು.”

ನನಗೆ ಒಳಗೆ ಏನೋ ತಳಮಳ. ಆದರೆ ನನಗೆ ತಳಮಳ ಆಗದ ಸಂಗತಿ ಯಾವುದಿದೆ?

ರವಿವಾರ ಬೆಳಿಗ್ಗೆ ಹೆಂಡತಿ ಖೋಲಿಯ ಒಳಗೆ ಕೂತಳು, ನಾನು ಹೊರಗೆ. ದೊಡ್ಡಾಕಿಯ ತಾಟನ್ನು ಬಾಗಿಲಿಂದ ಒಂದಿಷ್ಟು ದೂರ ಇಟ್ಟೆವು. ಅದು ಬಂದು ತಿನ್ನತೊಡಗಿತು. ನಾಲ್ಕು ಬೆರಳಷ್ಟು ಬಾಗಿಲು ತೆಗೆದೆ. ನಾಲ್ಕು ಬೆರಳು ಸಂದಿ ಎರಡು ತಿಂಗಳ ಮರಿಗೆ ಹೆಬ್ಬಾಗಿಲು ಎಂಬುದು ನಮಗೆ ಹೊಳೆಯಲಿಲ್ಲ. ಪಿಲ್ಲು ತನ್ನ ತಾಯಿಯೇ ಬಂದಳೆಂದು ತಿಳಿಯಿತೋ ಏನೋ, ಬಾಲ ನೆಟ್ಟಗೆ ಮಾಡಿಕೊಂಡು ಹೊರಗೆ ನುಗ್ಗಿ ಸೀದಾ ದೊಡ್ಡಾಕಿಯ ಹೊಟ್ಟೆಯ ಕೆಳಗೆ ಹೋಯಿತು.

ಆಮೇಲೆ ಆದದ್ದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ. ದೊಡ್ಡಾಕಿಯ ಮೈ ಎರಡರಷ್ಟಾಯಿತು. ಒಂದು ಏಟು. ಮರಿ ಕಿರ್ರೋ ಎಂದಿತು. ನಾನು ಮಾಡಬಾರದ್ದನ್ನೇ ಮಾಡಿದೆ, “ಏಯ್ ಹುಚ್ಚಿ, ಬಿಡ!” ಎಂದು ಒದರಿ ಚಪ್ಪಾಳೆ ಹೊಡೆದೆ. ತಾಟು ಮಗುಚಿತು, ದೊಡ್ಡಾಕಿ ಮೆಟ್ಟಿಲು ಹತ್ತಿ, ಮಾಳಿಗೆಯ ಗೋಡೆ ಹಾರಿ, ಮಾಯವಾಯಿತು. ಮರಿಯ ಮೂಗಿನ ಮೇಲೆ ರಕ್ತದ ಗೆರೆ. ಒಳಗಿನಿಂದ ಅವ್ವ ಕೂಗುತ್ತಿದ್ದಳು, “ಏನಾತೋ? ಏನಾತು ಹೇಳ್ರೋ?”

ಅವತ್ತು ಇಡೀ ದಿನ ಸ್ಟೀಲಿನ ತಾಟಿಗೆ ಚಮಚ ಬಡಿಯುತ್ತ ಓಣಿ ತಿರುಗಿದೆ. ಊರಿಗೆಲ್ಲ ಚಾದರ ಮಾರುವ ಶೇಟಜಿ ಬಿಸಿಲಲ್ಲಿ ‘ಬಾ ಬಾ ಬಾ’ ಎಂದು ತಾಟು ಬಡಿಯುತ್ತ ಹೋಗುವುದನ್ನು ನೋಡಿ ಹುಡುಗರು ಹಿಂದೆ ಬಂದರು. ಬರಲಿ ಎಂದೆ, ನಾಚಿಕೆ ಪಡುವಷ್ಟು ಜೀವವೂ ನನ್ನಲ್ಲಿರಲಿಲ್ಲ. ರಸ್ತೆಯಲ್ಲಿ ಒಂದೊಂದು ರಿಕ್ಷಾ ಹಾರ್ನ್ ಹೊಡೆದಾಗಲೂ ಓಡಿಹೋಗಿ ಗಾಲಿಯ ಕೆಳಗೆ ನೋಡುತ್ತಿದ್ದೆ. ಮನೆಗೆ ಬಂದರೆ ಅವ್ವ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಜೋಳದ ಭಕ್ಕರಿ ಮುಟ್ಟಿರಲಿಲ್ಲ.

“ಆಕಿ ಉಂಡಿಲ್ಲ, ನಾ ಹೆಂಗ ಉಣ್ಲಿ?” ಎಂದಳು. ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ.

ಮರುದಿನ ಹೆಂಡತಿ ಸಾಲೆಗೆ ರಜೆ ಹಾಕಿ ಡಾಕ್ಟರಿಗೆ ಫೋನ್ ಹಚ್ಚಿದಳು. ಸ್ಪೀಕರ್ ಮೇಲೆ ಹಾಕಿದ್ದಳು, ನಾನೂ ಅವ್ವನೂ ಕಿವಿಗೊಟ್ಟು ಕೂತೆವು. ಹೆಂಡತಿ ನಡೆದದ್ದನ್ನೆಲ್ಲ ಹೇಳಿ, ಮರಿಗೆ ಮೇಲಿಂದ ಗೀರಿದ್ದಷ್ಟೇ ಎಂದ ಮೇಲೆ, ಡಾಕ್ಟರ್ ಕೇಳಿದರು. “ಅರಬಿ ಇಟ್ಟಾಗ ದೊಡ್ಡ ಬೆಕ್ಕು ಏನ್ ಮಾಡ್ತಿತ್ತರಿ?”

“ಏನೂ ಮಾಡಲಿಲ್ಲರಿ. ಮೊದಲ್ನೇ ದಿನದಿಂದ ನಿವಾಂತ ಉಂಡ್ಳು.”

“ಮೂಸಿ ನೋಡ್ಲಿಲ್ಲ? ಫುಸ್ ಅನ್ನಲಿಲ್ಲ? ಒಮ್ಮಿನೂ?”

“ಒಮ್ಮಿನೂ ಇಲ್ಲ.”

“ಆ ಅರಬಿ ಒಂದೀಟ ನೀವು ಮೂಸಿ ನೋಡ್ರಿ” ಎಂದರು.

ಹೆಂಡತಿ ಅವ್ವನ ಕೋಣೆಯಿಂದ ಕೇಸರಿ ಅಂಚಿನ ಟಾವೆಲ್ ತಂದಳು. ಮೂಗಿಗೆ ಹಿಡಿದಳು. ಹುಬ್ಬು ಗಂಟಿಕ್ಕಿತು. ಮತ್ತೆ ಹಿಡಿದಳು.

“ರೀ, ಇದನ್ನ ತೊಳದೀರೇನು?”

“ಹೂಂ. ದಿನಾ ತೊಳದೇ ಹಾಕೀನಲ್ಲ” ಎಂದೆ. ಅದರಲ್ಲಿ ಕೇಳುವಂಥದ್ದೇನಿದೆ ಎಂಬುದೇ ನನಗೆ ತಿಳಿಯಲಿಲ್ಲ.

“ಯಾಕ?”

“ದೇವರ ಮುಂದಿಂದ ತರಬೇಕಲ್ಲ?”

ಹೆಂಡತಿ ಟಾವೆಲನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದಳು. ಮೂರು ಜನ, ಒಬ್ಬರಿಗಿಂತ ಒಬ್ಬರು ನಿಷ್ಠೆಯಿಂದ, ವಾರಪೂರ್ತಿ ಆ ಬೆಕ್ಕಿಗೆ ಸಾಬೂನಿನ ಪರಿಚಯ ಮಾಡಿಸಿದ್ದೆವು. ಅದಕ್ಕೆ ಮರಿಯ ವಾಸನೆಯೇ ಸಿಕ್ಕಿರಲಿಲ್ಲ. ಫೋನಿನಲ್ಲಿ ಡಾಕ್ಟರ್ ನಗು ತಡೆದುಕೊಳ್ಳುತ್ತಿದ್ದರೆಂದು ಕಾಣುತ್ತದೆ, ಆದರೆ ಮಾತು ಮೆತ್ತಗೆ ಬಂತು. “ಇರ್ಲಿ, ಮತ್ತ ಮೊದಲಿಂದ ಸುರು ಮಾಡ್ರಿ. ಈಗ ಆಕಿ ಮಲಗೂ ಹಾಸಿಗಿ ಏನದ, ಅದನ್ನ ಮಾಳಗಿ ಬಾಗಲದಾಗ ಹಾಕ್ರಿ. ತೊಳೀಬ್ಯಾಡ್ರಿ. ಬೆನ್ನ ಹತ್ತಿ ಹುಡಕಬ್ಯಾಡ್ರಿ. ಬಂದ ಮ್ಯಾಲ ಮತ್ತೊಂದು ದಿನ ಉಣ್ಣಲಿಲ್ಲಂದ್ರ ನನ್ನ ಕಡೆ ತಗೊಂಡು ಬರ್ರಿ, ಬೆಕ್ಕು ಉಪಾಸ ಇರೂದು ಚಲೋ ಅಲ್ಲ, ಲಿವರ್ ಕೆಡ್ತದ.”

ಲಿವರ್ ಎಂಬ ಮಾತು ನನ್ನ ಕಿವಿಯೊಳಗೆ ಹೊಕ್ಕು ಅಲ್ಲೇ ಮನೆ ಮಾಡಿತು. 

ಅವ್ವ, “ನಾನೇ ಹೇಳಿದ್ನಲ್ಲೋ ಹಿಂಡಿ ತಾ ಅಂತ” ಎಂದಳು. ಮೈಮೇಲಿನ ಕೌದಿಯನ್ನು ಎಳೆದು ನನ್ನತ್ತ ತಳ್ಳಿದಳು. ಅವಳ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಅವಳೇ ಹೊಲಿದ ಕೌದಿ. ಬೆಕ್ಕಿನ ಕೂದಲು ಅದರ ತುಂಬ. “ಇದನ್ನ ಒಯ್ಯಿ. ಝಾಡಿಸಬ್ಯಾಡ.”

ಕೌದಿಯನ್ನು ಮಾಳಿಗೆಯ ಬಾಗಿಲಲ್ಲಿ ಹಾಸಿ, ನೀರಿಟ್ಟು ಕೆಳಗೆ ಬಂದೆವು. ಅಂಗಡಿಗೆ ಹೋಗಿ ಏನು ಮಾರಿದೆನೋ, ಯಾರಿಗೆ ಏನು ಕೊಟ್ಟೆನೋ. ಸಂಜೆ ಮೆಟ್ಟಿಲ ಮೇಲೆ ಉಸಿರು ಹಿಡಿದು ಇಣುಕಿದರೆ ದೊಡ್ಡಾಕಿ ಕೌದಿಯ ಮೇಲೆ ಸುರುಳಿಯಾಗಿ ಮಲಗಿತ್ತು, ಬೆನ್ನಿಗೆ ಧೂಳು, ಕಿವಿಗೆ ಜೇಡರ ಬಲೆ. ಕೆಳಗೆ ಬಂದು ಹೇಳಿದಾಗ ಅವ್ವ ದೇವರ ಜಗಲಿಯ ಕಡೆ ಕೈ ಎತ್ತಿ ಮುಗಿದಳು, ಆಮೇಲೆ ಅರ್ಧ ಭಕ್ಕರಿ ತಿಂದಳು.

ಬೆಕ್ಕು ಕೆಳಗೆ ಬಂದದ್ದು ಮರುದಿನ ಬೆಳಿಗ್ಗೆ. ತಾಟಿನ ತನಕ ಹೋಗಿ ಮೂಸಿ, ತಿರುಗಿ ಅವ್ವನ ಮಂಚದ ಕೆಳಗೆ ಹೊಕ್ಕಿತು. ಲಿವರ್, ಲಿವರ್ ಎಂದು ನನ್ನ ತಲೆಯಲ್ಲಿ ಗಿರಣಿ ತಿರುಗುತ್ತಿತ್ತು. ದವಾಖಾನೆಗೆ ಒಯ್ಯಲು ಬುಟ್ಟಿ ಹುಡುಕಿಟ್ಟೆ. ಮಧ್ಯಾಹ್ನ ಅವ್ವ ಬೆಕ್ಕಿನ ಪಾಕೀಟಿನ ತಿನಿಸನ್ನು ಬೆರಳ ತುದಿಗೆ ಹಚ್ಚಿಕೊಂಡು ಮಂಚದ ಕೆಳಗೆ ಕೈ ಚಾಚಿ ಕೂತಳು. ಸೊಂಟ ನೋಯುತ್ತದೆ ಬೇಡ ಎಂದರೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ನಾಲಿಗೆಯ ಸಪ್ಪಳ ಕೇಳಿಸಿತು. ಉಂಡಿತು. ಆದರೆ ಉಂಡು ಮತ್ತೆ ಮಂಚದ ಕೆಳಗೇ ಉಳಿಯಿತು, ಅವ್ವನ ಮಗ್ಗುಲಿಗೆ ಬರಲಿಲ್ಲ. ಕರಾರಿನ ಒಂದು ವಾರ ಆಗಲೇ ಮುಗಿದಿತ್ತು.

ಅವತ್ತು ಹೆಂಡತಿ ಹೊಸದೊಂದು ಟಾವೆಲಿನಿಂದ ಮರಿಯ ಗಲ್ಲ, ಗದ್ದ ಒರೆಸಿ, ಅದನ್ನೇ ಅದರ ಕೆಳಗೆ ಹಾಸಿದಳು. ಮಾರನೆಯ ದಿನ ನಾನು ಅದನ್ನು ಎತ್ತಿಕೊಂಡು ಬಂದೆ. ದೇವರ ಜಗಲಿಯ ಹತ್ತಿರ ಬಂದಾಗ ನನ್ನ ಕಾಲು ತಾವಾಗಿಯೇ ನಿಂತವು. ಕೂದಲು, ಮೂತ್ರದ ಒಂದಿಷ್ಟು ಘಾಟು, ಬಾಯಿ ಒರೆಸಿದ ಕಲೆ. ಕೋಣೆಯೊಳಗಿನಿಂದ ಅವ್ವ ನೋಡುತ್ತಿದ್ದಳು. ಐವತ್ತು ವರ್ಷ ಆ ಜಗಲಿಯ ಮುಂದೆ ಒದ್ದೆ ಸೀರೆಯಲ್ಲಿ ನಿಂತು ಪೂಜೆ ಮಾಡಿದವಳು.

“ಯಾಕ ನಿಂತಿ? ಹಂಗೇ ತಾ.”

“ಅವ್ವಾ, ದೇವರ ಮುಂದ...”

“ದೇವರು ಸುಮ್ಮ ಇರ್ತಾನ ಬಿಡು. ಬೆಕ್ಕು ಸುಮ್ಮ ಇರೂದಿಲ್ಲ” ಎಂದಳು. ಧೈರ್ಯಕ್ಕೆ ಆಡಿದ ಮಾತು ಅದು. ನಾನು ದಾಟುವಾಗ ಅವಳ ತುಟಿ ಅಲುಗುತ್ತಿದ್ದವು, ತಪ್ಪಾಯಿತೆಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು.

ಈ ಸಲ ದೊಡ್ಡಾಕಿ ಟಾವೆಲಿಂದ ಮಾರು ದೂರವಿರುವಾಗಲೇ ಕಿವಿ ಚಪ್ಪಟೆ ಮಾಡಿ ‘ಫುಸ್ಸ್’ ಎಂದಿತು. ನನ್ನ ಜೀವ ಹಾರಿತು. ಹೆಂಡತಿಗೆ ಸಂಭ್ರಮ. “ಅಂದ್ಳು! ಅತ್ತಿ, ಫುಸ್ ಅಂದ್ಳು ನೋಡ್ರಿ!” ಮಗಳು ಪರೀಕ್ಷೆ ಪಾಸಾದಂತೆ ಕುಣಿದಳು. ಅವ್ವನೂ ನಕ್ಕಳು. ಬೈಸಿಕೊಂಡು ಇಷ್ಟು ಖುಷಿಪಟ್ಟ ಮನೆ ಇನ್ನೊಂದಿರಲಿಕ್ಕಿಲ್ಲ. ಟಾವೆಲನ್ನು ಗೋಡೆಯ ಮೂಲೆಗೆ ಸರಿಸಿದೆವು, ಅಷ್ಟು ದೂರವಿದ್ದರೆ ಬೆಕ್ಕು ಉಂಡಿತು. ಪ್ರತಿ ಊಟಕ್ಕೂ ಒಂದಿಷ್ಟು ತಾಟಿನ ಹತ್ತಿರಕ್ಕೆ ಎಳೆದೆವು. ಮೊದಲು ಉಣ್ಣುತ್ತಲೇ ಓರೆಗಣ್ಣಲ್ಲಿ ಟಾವೆಲನ್ನು ಕಾಯುತ್ತಿತ್ತು, ಆಮೇಲೆ ಮೂಸಿ ಮುಖ ತಿರುಗಿಸಿತು, ಆಮೇಲೆ ಅದರ ಅಂಚಿನ ಮೇಲೆ ಮುಂಗಾಲಿಟ್ಟು ಉಂಡಿತು. ದೊಡ್ಡಾಕಿಯ ಬಿಳಿ ಟಾವೆಲಿನ ಮೇಲೆ ಪಿಲ್ಲು ಅತ್ತ ಯಾವ ತಕರಾರೂ ಇಲ್ಲದೆ ಗೊರಕೆ ಹೊಡೆಯುತ್ತಿತ್ತು.

ಆಮೇಲೆ ಖೋಲಿ ಅದಲು ಬದಲು. ದೊಡ್ಡಾಕಿ ಮಾಲಿನ ಖೋಲಿಯಲ್ಲಿ ಮೂಲೆ ಮೂಲೆ ಮೂಸುತ್ತಿದ್ದರೆ, ಪಿಲ್ಲು ಅವ್ವನ ಕೋಣೆಯಲ್ಲಿ ವಾಕರಿನ ಕಾಲು ಕಚ್ಚುತ್ತಿತ್ತು. ದೊಡ್ಡಾಕಿ ಕೊನೆಗೆ ಹೋಗಿ ಮಲಗಿದ್ದು ನನ್ನ ದೊಡ್ಡ ಆರ್ಡರಿನ ಚಾದರದ ಗಂಟಿನ ಮೇಲೆ. ಕೂದಲು ಹತ್ತಿದ ಮಾಲನ್ನು ಗಿರಾಕಿ ಬಿಸಾಡುತ್ತಾನೆ ಎಂದು ಗೊಣಗಿದೆ, ಆದರೆ ಎಬ್ಬಿಸುವ ಧೈರ್ಯ ಯಾರಿಗಿದೆ? ಬಡಗಿಯಿಂದ ಬಾಗಿಲಿಗೆ ತಂತಿ ಜಾಳಿಗೆಯ ಚೌಕಟ್ಟೊಂದನ್ನು ಹೊಂದಿಸಿಕೊಂಡೆವು, ಈ ಸಲ ಮರಿಯ ತಲೆ ತೂರದ ಜಾಳಿಗೆ. ಎರಡು ಬದಿಗೂ ಎರಡು ತಾಟು. ಜಾಳಿಗೆಯಾಚೆ ಮರಿಯನ್ನು ಕಂಡಾಗ ದೊಡ್ಡಾಕಿ ಗುರುಗುಟ್ಟಿತು. ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕೂತೆ, ಒದರಬಾರದಲ್ಲ. ತಾಟು ಇನ್ನಷ್ಟು ಹಿಂದೆ ಸರಿಸಿದ ಮೇಲೆ ಎರಡೂ ಉಂಡವು. ಹೀಗೆ ಒಂದೆರಡು ದಿನ ನಡೆದ ಮೇಲೆ, ಒಮ್ಮೆ ಜಾಳಿಗೆ ತೆಗೆದು, ಹೆಂಡತಿ ಚಾದರದ ಕುಚ್ಚು ಕಟ್ಟಿದ ದಾರದಿಂದ ಮರಿಯನ್ನು ಒಂದು ಮೂಲೆಯಲ್ಲಿ ಆಡಿಸಿದಳು, ನಾನು ಇನ್ನೊಂದು ಮೂಲೆಯಲ್ಲಿ ದೊಡ್ಡಾಕಿಗೆ ತಿನಿಸು ಕೊಟ್ಟೆ. ಪಕ್ಕದಲ್ಲಿ ರಟ್ಟಿನ ಹಲಗೆ ಇಟ್ಟುಕೊಂಡಿದ್ದೆ, ಜಗಳ ಬಿದ್ದರೆ ನಡುವೆ ಅಡ್ಡ ಹಿಡಿಯಲು. ಏನೂ ಆಗಲಿಲ್ಲ. ಏನಾದರೂ ಆಗುವ ಮುಂಚೆಯೇ ಬೇರೆ ಮಾಡಿದೆವು.

ಆದರೂ ದೊಡ್ಡಾಕಿ ಅವ್ವನ ಮಗ್ಗುಲಿಗೆ ಬಂದಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಂಚದ ಕಾಲ ಬುಡಕ್ಕೆ ಬಂದು ಮೇಲೆ ನೋಡಿ, ಅಲ್ಲೇ ಕೂಡುತ್ತಿತ್ತು. ಅವ್ವ ಫುಸ್ ಅನ್ನಿಸಿಕೊಂಡ ದಿನದಿಂದ ಮರಿಯನ್ನು ಮುಟ್ಟಿರಲಿಲ್ಲ. ಖೋಲಿ ಬದಲಿನಲ್ಲಿ ಅದು ಕಾಲ ಬಳಿ ಬಂದರೂ ಕೈ ಹಿಂದೆಳೆದುಕೊಳ್ಳುತ್ತಿದ್ದಳು, ಮತ್ತೆ ನೀರು ತಾ ಎನ್ನುತ್ತಿದ್ದಳು. ಅವಳ ಅಂಗೈ ಸಾಬೂನಿನಿಂದ ಬಿರಿದಿತ್ತು. ನಾನು ಮಂಗಳವೇಢೆಯವರಿಗೆ ಬೇಡ ಎಂದೂ ಹೇಳಿರಲಿಲ್ಲ, ಹೂಂ ಎಂದೂ ಹೇಳಿರಲಿಲ್ಲ. ಎರಡು ವಾರ ತುಂಬುವ ದಿನ ಅವರದೇ ಫೋನ್ ಬಂತು. “ನಾಳಿಗಿ ನಮ್ಮ ಗಾಡಿ ಸೊಲ್ಲಾಪುರಕ ಬರ್ತದ. ಕಳಸ್ತೀರೇನು?” ಸಂಜೆ ಹೇಳುತ್ತೇನೆ ಎಂದು ಇಟ್ಟು, ಹೆಂಡತಿಗೆ ಫೋನ್ ಮಾಡಿ ತಿಳಿಸಿದೆ.

ಮನೆಗೆ ಬಂದಾಗ ಅವ್ವನ ಕೋಣೆಯಲ್ಲಿ ಪಿಲ್ಲು ಅವಳ ಮಡಿಲಲ್ಲೇ ಇತ್ತು. ಅವ್ವ ಅದರ ಹೊಟ್ಟೆಯ ಮೇಲೆ ಕೈಯಾಡಿಸುತ್ತಿದ್ದಳು. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳೇ ಗಾಡಿಯ ವಿಷಯ ಹೇಳಿದ್ದಳೆಂದು ತಿಳಿಯಿತು.

“ನಾಳಿಗಿ ಹೋಗೂದಂದ್ರ ಇವತ್ತ ಒಮ್ಮೆರ ಎತಗೋತೀನಿ” ಎಂದಳು ಅವ್ವ.

ಹೆಂಡತಿ ಮರಿಯನ್ನು ಒಳಗೆ ಒಯ್ದಳು. ದೀಪ ಹಚ್ಚುವ ಹೊತ್ತಾಗಿತ್ತು. ದೊಡ್ಡಾಕಿ ಮಾಳಿಗೆಯಿಂದ ಇಳಿಯುವ ಸಪ್ಪಳ ಕೇಳಿ ನಾನು ಬಚ್ಚಲಿಗೆ ಓಡಿದೆ. ತಂಬಿಗೆ, ಬೋಗುಣಿ, ಸಾಬೂನು ಹಿಡಿದು ತಿರುಗಿ ಬರುವಷ್ಟರಲ್ಲಿ ಬೆಕ್ಕು ಮಂಚದ ಬುಡದಲ್ಲಿ ನಿಂತಿತ್ತು.

“ಅವ್ವಾ, ಕೈ ಕೊಡು, ಲಗೂನ.”

ಅವ್ವ ತನ್ನ ಅಂಗೈಯನ್ನು ನೋಡಿಕೊಂಡಳು. ಕೆಂಪು ಕೂದಲು ಎರಡು ಅಂಟಿಕೊಂಡಿದ್ದವು.

“ಬ್ಯಾಡ. ನೀರು ಬ್ಯಾಡ. ಇದ್ದದ್ದು ಇದ್ದಂಗ ಆಕಿಗಿ ಗೊತ್ತಾಗಲಿ” ಎಂದು ಕೈಯನ್ನು ಹಾಸಿಗೆಯ ಮೇಲೆ ತೆರೆದಿಟ್ಟಳು. ಹಿಂದೆ ಎಳೆಯಲಿಲ್ಲ.

ದೊಡ್ಡಾಕಿ ಮಂಚಕ್ಕೆ ಹಾರಿತು. ಅಂಗೈಗೆ ಮೂಗು ಹಚ್ಚಿತು. ಬೆರಳ ಸಂದಿ, ಮಣಿಕಟ್ಟು, ಬಳೆಯ ಕೆಳಗೆ, ಎಲ್ಲ ಕಡೆ ಮೂಸಿತು. ಬಾಯಿ ಅರೆ ತೆರೆದು ಸ್ವಲ್ಪ ಹೊತ್ತು ಹಾಗೇ ನಿಂತಿತು. ನಾನು ಹಲ್ಲು ಕಚ್ಚಿ ಕಣ್ಣು ಮುಚ್ಚಿದೆ, ಆ ಫುಸ್ ಕೇಳಲು ತಯಾರಾಗಿ. ಕೇಳಿಸಿದ್ದು ಬೇರೆ ಸಪ್ಪಳ. ಒರಟು ನಾಲಿಗೆ ಅವ್ವನ ಬಿರಿದ ಅಂಗೈ ಮೇಲೆ ಓಡಾಡುವ ಸಪ್ಪಳ. ಒಂದು ಸಲ, ಎರಡು ಸಲ, ಆಮೇಲೆ ನಿಲ್ಲಲೇ ಇಲ್ಲ. ಕೆಂಪು ಕೂದಲಿದ್ದ ಜಾಗವನ್ನೇ ನೆಕ್ಕಿ ನೆಕ್ಕಿ ಮುಗಿಸಿ, ಒಂದು ಸುತ್ತು ತಿರುಗಿ, ಅವ್ವನ ನೋವಿನ ಕಾಲಿಗೆ ಬೆನ್ನು ಹಚ್ಚಿ ಬಿತ್ತು.

ಅವ್ವ ಅಳುತ್ತಿದ್ದಳು, ಸಪ್ಪಳವಿಲ್ಲದೆ, ಕಾಲು ಅಲುಗಬಾರದೆಂದು. “ಮಂಗಳವೇಢೆದವರಿಗಿ ಬ್ಯಾಡ ಅಂತ ಹೇಳು” ಎಂದಳು.

ನನ್ನ ಎರಡೂ ಕೈಯಲ್ಲಿ ತಂಬಿಗೆ, ಬೋಗುಣಿ ಇದ್ದವು. ಹೆಂಡತಿಯೇ ಫೋನ್ ಮಾಡಿದಳು. ಎರಡೂ ಬೆಕ್ಕುಗಳನ್ನು ನಾವಿಲ್ಲದಾಗ ಒಟ್ಟಿಗೆ ಬಿಡಲು ಇನ್ನೂ ಬಹಳ ದಿನ ಬೇಕಾದವು, ಜಾಳಿಗೆ ಅಲ್ಲಿಯವರೆಗೆ ಬಾಗಿಲಲ್ಲೇ ಇತ್ತು. ಅಂದು ನಾನು ಬೋಗುಣಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ. ಆಮೇಲೆ ತಂಬಿಗೆಯ ನೀರನ್ನು ಅಂಗಳದ ತುಳಸಿಗೆ ಹಾಕಿ ಬಂದೆ.